ಉಚಿತ ಕನ್ವರ್ಟರ್‌ಗೆ ಹಾಕಿದ ಸದಸ್ಯರ ಪಟ್ಟಿ: ಒಂದು ಗಂಟೆಯಲ್ಲಿ ಅಳಿಯುವುದು ಏನು, ಉಳಿಯುವುದು ಏನು?

ಓದುಗರ ಪ್ರಶ್ನೆ: ನಾನು ಒಂದು ಸಂಘದ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಸದಸ್ಯರ ಹಳೆಯ ಪಟ್ಟಿ ಪ್ರಿಂಟ್‌ನಲ್ಲಿ ಮಾತ್ರ ಇದೆ. 12 ಪುಟ, ಪುಟಕ್ಕೆ 30 ಸಾಲು. ಹೆಸರು, ಹುಟ್ಟಿದ ದಿನಾಂಕ, ಫೋನ್, ಬ್ಯಾಂಕ್ ಖಾತೆ ಸಂಖ್ಯೆ, ಕಟ್ಟಿದ ಮೊತ್ತ ಅಂತ ಕಾಲಂಗಳಿವೆ. ಸ್ಕ್ಯಾನ್ ಮಾಡಿ, ಎಕ್ಸೆಲ್‌ಗೆ ಬದಲಿಸಲು ಒಂದು ಉಚಿತ ಸೈಟ್‌ಗೆ ಎರಡು ಪುಟ ಹಾಕಿದೆ. ಚೆನ್ನಾಗಿಯೇ ಬಂತು. ಆಮೇಲೆ ಸಹೋದ್ಯೋಗಿಯೊಬ್ಬರು ಹಾಗೆ ಮಾಡಬಾರದಿತ್ತು ಎಂದರು. ಸೈಟ್‌ನಲ್ಲಿ ಬೀಗದ ಗುರುತಿದೆ, ಫೈಲ್‌ಗಳನ್ನು ಒಂದು ಗಂಟೆಯಲ್ಲಿ ಅಳಿಸುತ್ತೇವೆ ಎಂದೂ ಬರೆದಿದ್ದಾರೆ. ನಾನು ಹೆದರಬೇಕಾ? ಉಳಿದ 10 ಪುಟಗಳಲ್ಲಿ ಹೆಸರು ಮುಚ್ಚಿ ಹಾಕಿದರೆ ಸಾಕಾ?

ಉತ್ತರ: ಉಳಿದ 10 ಪುಟಗಳನ್ನು ಆ ಸೈಟ್‌ಗೆ ಹಾಕಬೇಡಿ, ಹೆಸರು ಮುಚ್ಚಿಯೂ ಬೇಡ. ಈಗಾಗಲೇ ಹೋಗಿರುವ ಎರಡು ಪುಟಗಳ ವಿಷಯದಲ್ಲಿ ಗಾಬರಿ ಬೇಡ, ಆದರೆ ಸುಮ್ನೆ ಬಿಡುವುದೂ ಬೇಡ. ಇಂಥ ಸೈಟ್ ನಡೆಸುವವರಲ್ಲಿ ಹೆಚ್ಚಿನವರು ಕಳ್ಳರಲ್ಲ. ನಿಮ್ಮ ಪಟ್ಟಿಯನ್ನು ಯಾರೋ ಕೂತು ಓದುವ ಸಾಧ್ಯತೆಯೂ ಕಡಿಮೆ. ತೊಂದರೆ ಏನೆಂದರೆ, ಆ ಫೈಲಿಗೆ ಮುಂದೆ ಏನಾಯಿತು ಎಂದು ತಿಳಿಯುವ ದಾರಿ ನಿಮಗಿಲ್ಲ. ಆ 60 ಸಾಲುಗಳಲ್ಲಿರುವ ಜನರಿಗಂತೂ ಅದು ಹೊರಗೆ ಹೋಗಿದೆ ಎಂಬುದೇ ಗೊತ್ತಿಲ್ಲ.

ಬೀಗದ ಗುರುತಿನಿಂದ ಶುರು ಮಾಡೋಣ. ಅದು ಸುಳ್ಳಲ್ಲ. ನಿಮ್ಮ ಬ್ರೌಸರ್‌ನಿಂದ ಅವರ ಸರ್ವರ್ ತನಕದ ದಾರಿಯಲ್ಲಿ ಯಾರೂ ಫೈಲನ್ನು ಕದ್ದು ಓದಲಾರರು ಎಂದಷ್ಟೇ ಅದರ ಅರ್ಥ. ‘256 ಬಿಟ್ ಎನ್‌ಕ್ರಿಪ್ಶನ್’ ಎಂದು ದೊಡ್ಡದಾಗಿ ಬರೆದಿದ್ದರೆ ಅದು ಸಾಮಾನ್ಯವಾಗಿ ಹೇಳುವುದೂ ಇದನ್ನೇ. ಭದ್ರವಾದ ವಾಹನದಲ್ಲಿ ಕಾಗದ ಕಳಿಸಿದಂತೆ. ತಲುಪಿದ ಮೇಲೆ ಅಲ್ಲಿ ಅದನ್ನು ಬಿಚ್ಚಲೇಬೇಕು. ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸುವ ಕೆಲಸಕ್ಕೆ ಓಸಿಆರ್ ಎನ್ನುತ್ತೇವೆ. ಸರ್ವರ್ ಆ ಕೆಲಸ ಮಾಡಬೇಕಾದರೆ ಪ್ರತಿ ಅಂಕಿಯನ್ನೂ ಬಿಚ್ಚಿದ ರೂಪದಲ್ಲಿ ಓದಲೇಬೇಕು. ಪಿಡಿಎಫ್‌ಗೆ ಪಾಸ್‌ವರ್ಡ್ ಹಾಕಿ ಕಳಿಸಿದರೂ ಅಷ್ಟೇ. ಕೊನೆಗೆ ಆ ಪಾಸ್‌ವರ್ಡನ್ನು ನೀವೇ ಅಲ್ಲಿ ಟೈಪ್ ಮಾಡಬೇಕಾಗುತ್ತದೆ, ಅಲ್ವಾ?

ಇನ್ನು ಒಂದು ಗಂಟೆಯ ಮಾತು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ಹೆಚ್ಚಿನವರು ನಂಬುವುದು ಇದನ್ನೇ. ನೀವು ‘ಅಪ್‌ಲೋಡ್’ ಒತ್ತಿದ ಕೂಡಲೇ ಫೈಲ್ ಸರ್ವರ್‌ನ ತಾತ್ಕಾಲಿಕ ಫೋಲ್ಡರ್‌ಗೆ ಬೀಳುತ್ತದೆ. ಅಲ್ಲಿಂದ ಅದನ್ನು ಪುಟಪುಟವಾಗಿ ಚಿತ್ರಗಳನ್ನಾಗಿ ಒಡೆಯುತ್ತಾರೆ. ಕೆಲವು ಸೈಟ್‌ಗಳು ಓಸಿಆರ್ ಅನ್ನು ತಾವೇ ಮಾಡುತ್ತವೆ. ಇನ್ನು ಕೆಲವು ಆ ಚಿತ್ರಗಳನ್ನು ಬೇರೊಂದು ಕಂಪನಿಯ ಓಸಿಆರ್ ಸೇವೆಗೆ ದಾಟಿಸುತ್ತವೆ. ಬಂದ ಫಲಿತಾಂಶ ಎಕ್ಸೆಲ್ ಫೈಲ್ ಆಗಿ, ಬಾಡಿಗೆಗೆ ಪಡೆದ ಕ್ಲೌಡ್ ಸ್ಟೋರೇಜ್‌ನಲ್ಲಿ ಕೂರುತ್ತದೆ. ನಿಮಗೆ ಅದರ ಲಿಂಕ್ ಸಿಗುತ್ತದೆ. ಅಂದರೆ ನೀವು ಕಳಿಸಿದ್ದು ಒಂದು ಪಿಡಿಎಫ್, ಆದರೆ ಆ ಹೊತ್ತಿಗೆ ಪ್ರತಿಗಳು ಹಲವು ಆಗಿರುತ್ತವೆ.

ಒಂದು ಗಂಟೆಯ ಮಾತು ಸಾಮಾನ್ಯವಾಗಿ ಮೂಲ ಪಿಡಿಎಫ್ ಮತ್ತು ಕೊನೆಯ ಎಕ್ಸೆಲ್ ಈ ಎರಡಕ್ಕೆ ಅನ್ವಯಿಸುತ್ತದೆ. ಅವುಗಳನ್ನು ಅವರು ಪ್ರಾಮಾಣಿಕವಾಗಿ ಅಳಿಸಿದರು ಎಂದೇ ಇಟ್ಟುಕೊಳ್ಳಿ. ನಡುವೆ ಸರ್ವರ್‌ನ ಬ್ಯಾಕಪ್ ನಡೆದಿದ್ದರೆ ಅದರೊಳಗೆ ಪ್ರತಿ ಉಳಿದಿರಬಹುದು. ಓಸಿಆರ್ ಅರ್ಧಕ್ಕೇ ಕೆಟ್ಟು ನಿಂತಿದ್ದರೆ, ‘ಏಕೆ ಕೆಟ್ಟಿತು’ ಎಂದು ಆಮೇಲೆ ನೋಡಲು ಆ ಫೈಲನ್ನು ಬೇರೆ ಕಡೆ ಎತ್ತಿಟ್ಟಿರಬಹುದು. ಫೈಲ್ ಹೆಸರು, ಸಮಯ, ನಿಮ್ಮ ಐಪಿ ವಿಳಾಸ ಬರೆದಿಡುವ ಲಾಗ್ ಎಂಬ ದಾಖಲೆಗಳಿಗೆ ಸಾಮಾನ್ಯವಾಗಿ ಬೇರೆಯದೇ ಅವಧಿ ಇರುತ್ತದೆ, ಅದು ಗಂಟೆಗಳ ಲೆಕ್ಕವಲ್ಲ. ಫೈಲಿಗೆ ಸಂಘದ ಹೆಸರು, ವರ್ಷ ಸೇರಿಸಿ ಹೆಸರಿಟ್ಟಿದ್ದರೆ ಅಷ್ಟೂ ಲಾಗ್‌ನಲ್ಲಿ ಉಳಿಯುತ್ತದೆ. ಬೇರೆ ಕಂಪನಿಯ ಓಸಿಆರ್ ಸೇವೆಗೆ ಹೋಗಿದ್ದ ಚಿತ್ರಗಳಿಗೆ ಅನ್ವಯಿಸುವುದು ಆ ಕಂಪನಿಯ ನಿಯಮ.

ಆ ಡೌನ್‌ಲೋಡ್ ಲಿಂಕ್‌ನದೇ ಇನ್ನೊಂದು ಕಥೆ. ಎಷ್ಟೋ ಸೈಟ್‌ಗಳಲ್ಲಿ ಅದಕ್ಕೆ ಲಾಗಿನ್ ಬೇಕಿಲ್ಲ. ಲಿಂಕ್ ಯಾರ ಕೈಯಲ್ಲಿದೆಯೋ ಅವರಿಗೆ ಫೈಲ್ ಸಿಗುತ್ತದೆ. ವಿಳಾಸದ ಕೊನೆಯಲ್ಲಿ ಉದ್ದನೆಯ, ಅರ್ಥವಿಲ್ಲದ ಅಕ್ಷರಗಳ ಸಾಲಿದ್ದರೆ ಊಹಿಸುವುದು ಕಷ್ಟ. ಬರೀ ಏರುವ ಕ್ರಮಸಂಖ್ಯೆ ಇದ್ದರೆ ಒಂದು ಅಂಕಿ ಬದಲಿಸಿ ಪಕ್ಕದವರ ಫೈಲ್ ಸಿಗುತ್ತದಾ ಎಂದು ಯಾರು ಬೇಕಾದರೂ ನೋಡಬಹುದು. ಲಿಂಕ್ ನಿಮ್ಮ ಬ್ರೌಸರ್ ಹಿಸ್ಟರಿಯಲ್ಲಿ ಉಳಿಯುತ್ತದೆ. ಅದೇ ಪುಟದಲ್ಲಿ ಜಾಹೀರಾತಿನ ಮತ್ತು ಭೇಟಿ ಕೊಡುವವರನ್ನು ಎಣಿಸುವ ಸ್ಕ್ರಿಪ್ಟ್‌ಗಳಿದ್ದರೆ ಪುಟದ ವಿಳಾಸ ಅವುಗಳಿಗೂ ಕಾಣಬಹುದು.

ಇದು ಬರೀ ಊಹೆಯ ಭಯವಲ್ಲ. 2017ರಲ್ಲಿ ನಾರ್ವೆಯ ಪ್ರಸಾರ ಸಂಸ್ಥೆ ಎನ್‌ಆರ್‌ಕೆ ಒಂದು ವರದಿ ಮಾಡಿತು. translate.com ಎಂಬ ಉಚಿತ ಅನುವಾದ ಸೈಟ್‌ಗೆ ಜನ ಹಾಕಿದ್ದ ಪಠ್ಯಗಳು ಗೂಗಲ್ ಹುಡುಕಾಟದಲ್ಲಿ ಸಿಗುತ್ತಿದ್ದವು. ಅದನ್ನು ಗಮನಿಸಿದ್ದು ಸ್ಟಾಟ್‌ಆಯಿಲ್ ಎಂಬ ತೈಲ ಕಂಪನಿ. ಅಲ್ಲಿ ಯಾರೂ ಏನನ್ನೂ ಒಡೆದು ಒಳಗೆ ನುಗ್ಗಿರಲಿಲ್ಲ. ಹಾಕಿದ್ದು ಉಳಿದಿತ್ತು, ಉಳಿದದ್ದು ಎಲ್ಲರಿಗೂ ತೆರೆದಿತ್ತು. ಇನ್ನು 2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ ಉಚಿತ ಫೈಲ್ ಕನ್ವರ್ಟರ್‌ಗಳ ಬಗ್ಗೆಯೇ ಎಚ್ಚರಿಕೆ ಕೊಟ್ಟಿತು. ಕೆಲವು ಮೋಸದ ಸೈಟ್‌ಗಳು ಹೇಳಿದ ಕೆಲಸ ಮಾಡಿಕೊಟ್ಟರೂ, ಕೊಡುವ ಫೈಲಿನ ಜೊತೆ ಮಾಲ್‌ವೇರ್ ಸೇರಿಸುತ್ತವೆ, ಮತ್ತು ನೀವು ಹಾಕಿದ ಫೈಲಿನಿಂದ ಹುಟ್ಟಿದ ದಿನಾಂಕ, ಫೋನ್, ಬ್ಯಾಂಕ್ ವಿವರಗಳನ್ನು ಎತ್ತಿಕೊಳ್ಳುತ್ತವೆ ಎಂದು. ‘ಚೆನ್ನಾಗಿಯೇ ಬಂತು’ ಎಂದಿರಿ. ಫಲಿತಾಂಶ ಚೆನ್ನಾಗಿರುವುದು ಸೈಟ್ ಒಳ್ಳೆಯದು ಎಂಬುದಕ್ಕೆ ಸಾಕ್ಷಿಯಲ್ಲ.

ಇನ್ನು ಹೆಸರು ಮುಚ್ಚುವ ವಿಷಯ. ಇದರಲ್ಲಿ ಎರಡು ತೊಡಕಿವೆ.

ಒಂದು, ಹೆಸರಿಲ್ಲದಿದ್ದರೂ ಉಳಿದ ಕಾಲಂಗಳು ಸೇರಿ ವ್ಯಕ್ತಿಯನ್ನು ತೋರಿಸಿಬಿಡುತ್ತವೆ. ಸಂಶೋಧಕಿ ಲಟಾನ್ಯಾ ಸ್ವೀನಿ 2000ರಲ್ಲಿ ಅಮೆರಿಕದ ಜನಗಣತಿಯ ಅಂಕಿಗಳನ್ನು ಇಟ್ಟುಕೊಂಡು ಒಂದು ಲೆಕ್ಕ ಹಾಕಿದರು. ಅಂಚೆ ಪಿನ್, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ ಎಂಬುದು, ಇಷ್ಟೇ ಇದ್ದರೂ ಅಲ್ಲಿನ ಸುಮಾರು ಶೇ. 87 ಜನರನ್ನು ಒಬ್ಬೊಬ್ಬರಾಗಿ ಬೇರ್ಪಡಿಸಬಹುದು ಎಂದು ಬಂತು. ನಿಮ್ಮ ಪಟ್ಟಿಯಲ್ಲಿ ಅಷ್ಟು ಕಷ್ಟಪಡುವ ಅಗತ್ಯವೂ ಇಲ್ಲ. ಫೋನ್ ಸಂಖ್ಯೆಯೇ ಇದೆ. ಆ ಸಾಲು ಹಿಡಿದು ಯಾರಾದರೂ ಕರೆ ಮಾಡಿ, ‘ನಿಮ್ಮ ಖಾತೆ ಸಂಖ್ಯೆ ಇದು, ಹುಟ್ಟಿದ ದಿನಾಂಕ ಇದು, ಕಳೆದ ಸಲ ಸಂಘಕ್ಕೆ ಇಷ್ಟು ಕಟ್ಟಿದ್ದೀರಿ’ ಎಂದರೆ ಎದುರಿನವರು ನಂಬದೆ ಇರುತ್ತಾರಾ? ಆಮೇಲೆ ಓಟಿಪಿ ಕೇಳುವುದು ಒಂದೇ ಮಾತು. ನನ್ನ ವೃತ್ತಿಯಲ್ಲಿ ನನಗೆ ಜಾಸ್ತಿ ಚಿಂತೆ ತರುವುದು ಒಂಟಿ ಸಂಖ್ಯೆಯಲ್ಲ, ಒಂದೇ ಸಾಲಿನಲ್ಲಿ ಜೋಡಿಸಿಟ್ಟ ಇಂಥ ವಿವರಗಳು. ಕೋಷ್ಟಕ ಎಂದರೆ ಆ ಜೋಡಣೆಯೇ ತಾನೆ. ಫೋನ್ ಸಂಖ್ಯೆ ಬದಲಿಸಬಹುದು, ಹುಟ್ಟಿದ ದಿನಾಂಕ ಬದಲಿಸಲಾಗದು.

ಎರಡನೆಯ ತೊಡಕು, ನೀವು ಮುಚ್ಚಿದ್ದು ನಿಜವಾಗಿ ಮುಚ್ಚಿರುತ್ತದಾ ಎಂಬುದು. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಅದು ಬರೀ ಮೇಲೆ ಕೂರುತ್ತದೆ, ಕೆಳಗಿನದು ಅಳಿಯುವುದಿಲ್ಲ. ಪಿಡಿಎಫ್‌ನಲ್ಲಿ ಕ್ರಾಪ್ ಮಾಡಿದರೂ ಸಾಮಾನ್ಯವಾಗಿ ಆಚೆಯ ಭಾಗ ಕಾಣಿಸುವುದಿಲ್ಲ ಅಷ್ಟೇ, ಫೈಲಿನೊಳಗೆ ಇದ್ದೇ ಇರುತ್ತದೆ. ಇನ್ನೂ ಒಂದಿದೆ. ಕಚೇರಿಗಳ ಎಷ್ಟೋ ಸ್ಕ್ಯಾನರ್‌ಗಳು ತಾವೇ ಓಸಿಆರ್ ಮಾಡಿ, ಚಿತ್ರದ ಹಿಂದೆ ಕಣ್ಣಿಗೆ ಕಾಣದ ಅಕ್ಷರಗಳ ಪದರವನ್ನು ಸೇರಿಸಿರುತ್ತವೆ. ನೀವು ಚಿತ್ರದಲ್ಲಿ ಹೆಸರು ಮುಚ್ಚುತ್ತೀರಿ, ಹಿಂದಿನ ಪದರದಲ್ಲಿ ಹೆಸರು ಹಾಗೇ ಇರುತ್ತದೆ. ಪರೀಕ್ಷೆ ಸುಲಭ. ಮುಚ್ಚಿದ ಪಿಡಿಎಫ್ ತೆರೆದು Ctrl+A, Ctrl+C ಒತ್ತಿ, ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ. ಹೆಸರುಗಳು ಉದುರಿದರೆ ಮುಚ್ಚಿದ್ದೇ ಸುಳ್ಳು. ಏನೂ ಬರದಿದ್ದರೂ ಚೌಕದ ಕೆಳಗಿನ ಚಿತ್ರ ಉಳಿದಿರಬಹುದು. ಆ ಪುಟವನ್ನು ಪಿಎನ್‌ಜಿ ಚಿತ್ರವಾಗಿ ಬದಲಿಸಿ ಆ ಚಿತ್ರವನ್ನಷ್ಟೇ ಬಳಸಿದರೆ ಮಾತ್ರ ಮುಚ್ಚಿದ್ದು ಮುಚ್ಚಿದಂತೆ.

ಈ ಪರೀಕ್ಷೆಯನ್ನು ನಿಮ್ಮ ಮೂಲ ಪಿಡಿಎಫ್ ಮೇಲೆ ಇವತ್ತೇ ಮಾಡಿ ನೋಡಿ. ಅಕ್ಷರಗಳು ಬಂದರೆ ಅದು ಒಳ್ಳೆಯ ಸುದ್ದಿ. ಓಸಿಆರ್ ಆಗಲೇ ಆಗಿದೆ, ಯಾವ ಸೈಟೂ ಬೇಕಿಲ್ಲ. ಪಾಪ್ಲರ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು, ಪಿಡಿಎಫ್ ಇರುವ ಫೋಲ್ಡರ್‌ನಲ್ಲಿ ಕಮಾಂಡ್ ವಿಂಡೋ ತೆರೆದು, `register.pdf` ಜಾಗದಲ್ಲಿ ನಿಮ್ಮ ಫೈಲಿನ ಹೆಸರು ಹಾಕಿ ಹೀಗೆ ಕೊಡಿ:

```
pdftotext -layout register.pdf register.txt
```

ಕಾಲಂಗಳ ನಡುವಿನ ಅಂತರ ಉಳಿಸಿಕೊಂಡೇ ಪಠ್ಯ ಬರುತ್ತದೆ. ಎಕ್ಸೆಲ್‌ನಲ್ಲಿ ಅದನ್ನು ಕಾಲಂಗಳಾಗಿ ಒಡೆಯಬಹುದು. ಸ್ಕ್ಯಾನರ್ ಓದಿದ ಅಕ್ಷರಗಳಲ್ಲಿ ತಪ್ಪಿರಬಹುದು, ತಾಳೆ ನೋಡಲೇಬೇಕು.

ಅಕ್ಷರ ಬರಲಿಲ್ಲ ಎಂದರೆ ಟೆಸರಾಕ್ಟ್ ಎಂಬ ಓಸಿಆರ್ ತಂತ್ರಾಂಶ ಬಳಸಿ. ಇದು ಉಚಿತ, ನಿಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತದೆ, ಒಮ್ಮೆ ಹಾಕಿಕೊಂಡರೆ ಇಂಟರ್‌ನೆಟ್ ಕೂಡ ಬೇಡ. ಆದರೆ ಅದಕ್ಕೊಂದು ಮಿತಿಯಿದೆ. ಅದು ಅಕ್ಷರ ಓದುತ್ತದೆಯೇ ಹೊರತು ಕೋಷ್ಟಕವನ್ನು ಕೋಷ್ಟಕವಾಗಿ ಕೊಡುವುದಿಲ್ಲ. ಪೂರ್ತಿ ಪುಟ ಕೊಟ್ಟರೆ ಫೋನ್ ಸಂಖ್ಯೆಯೂ ಖಾತೆ ಸಂಖ್ಯೆಯೂ ಒಂದಕ್ಕೊಂದು ಅಂಟಿಕೊಂಡು ಬರಬಹುದು. ಹಾಗಾಗಿ ನಾನು ಹೇಳುವ ದಾರಿ, ಒಂದೊಂದೇ ಕಾಲಂ ಕತ್ತರಿಸಿ ಓದಿಸುವುದು. ಪಿಡಿಎಫ್ ಅನ್ನು ಚಿತ್ರವಾಗಿಸಲು ಮೇಲೆ ಹೇಳಿದ ಪಾಪ್ಲರ್, ಕತ್ತರಿಸಲು ಇಮೇಜ್‌ಮ್ಯಾಜಿಕ್ ಎಂಬ ತಂತ್ರಾಂಶ ಬಳಸಬಹುದು. ನಿಮ್ಮ ಮೊದಲ ಪುಟದ ಫೋನ್ ಕಾಲಂ ತೆಗೆದುಕೊಳ್ಳೋಣ:

```
pdftoppm -r 300 -gray -png register.pdf page
magick page-01.png -crop 400x2900+1250+420 +repage phone-01.png
tesseract phone-01.png phone-01 --psm 6 -c tessedit_char_whitelist=0123456789
```

ಮೊದಲ ಸಾಲು ಪಿಡಿಎಫ್ ಅನ್ನು ಪುಟಗಳ ಚಿತ್ರವಾಗಿಸುತ್ತದೆ. ಇಂಚಿಗೆ 300 ಚುಕ್ಕಿಯಲ್ಲಿ ಒಂದು ಎ4 ಪುಟ 2480 ಅಗಲ, 3508 ಎತ್ತರದ ಚಿತ್ರವಾಗುತ್ತದೆ. ಎರಡನೆಯ ಸಾಲು ಎಡದಿಂದ 1250, ಮೇಲಿನಿಂದ 420 ಪಿಕ್ಸೆಲ್ ಬಿಟ್ಟು, 400 ಅಗಲ, 2900 ಎತ್ತರದ ಪಟ್ಟಿಯನ್ನು ಕತ್ತರಿಸುತ್ತದೆ. ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಪುಟದ ಅಳತೆಯನ್ನು ಪೇಂಟ್‌ನಲ್ಲಿ ಮೌಸ್ ಇಟ್ಟು ನೋಡಿಕೊಳ್ಳಿ. ಕಮಾಂಡ್ ಕಷ್ಟ ಎನಿಸಿದರೆ ಪೇಂಟ್‌ನಲ್ಲೇ ಕತ್ತರಿಸಿದರೂ ನಡೆಯುತ್ತದೆ. ಮೂರನೆಯ ಸಾಲು ‘ಅಂಕಿ ಬಿಟ್ಟು ಬೇರೇನೂ ಓದಬೇಡ’ ಎನ್ನುತ್ತದೆ. ಹೆಸರಿನ ಕಾಲಂಗೆ ಆ ಕೊನೆಯ ಭಾಗ ತೆಗೆದು `-l kan+eng` ಹಾಕಿ. ಕನ್ನಡ ಓದಲು `kan` ಭಾಷಾ ಫೈಲನ್ನು ಮೊದಲೇ ಸೇರಿಸಿಕೊಂಡಿರಬೇಕು.

ಕತ್ತರಿಸುವಾಗ ಕೋಷ್ಟಕದ ಉದ್ದಗೆರೆ ಚಿತ್ರದೊಳಗೆ ಬರದಂತೆ ನೋಡಿಕೊಳ್ಳಿ. ಅಂಕಿ ಮಾತ್ರ ಓದು ಎಂದಾಗ ಆ ಗೆರೆಯನ್ನು ಅದು 1 ಎಂದು ಓದಿಬಿಡಬಹುದು. ಪ್ರತಿ ಫೋನ್ ಸಂಖ್ಯೆಯ ಹಿಂದೆ ಅಥವಾ ಮುಂದೆ ಒಂದು 1 ಜಾಸ್ತಿ ಕಂಡರೆ ಕಾರಣ ಇದೇ.

ಇದಕ್ಕಿಂತ ಕೆಟ್ಟ ತಪ್ಪು ಕೋಷ್ಟಕದ ಖಾಲಿ ಮನೆಯದು. 14ನೇ ಸದಸ್ಯರ ಫೋನ್ ಜಾಗ ಖಾಲಿ ಇದ್ದರೆ ಓಸಿಆರ್ ಅಲ್ಲಿ ಖಾಲಿ ಸಾಲು ಬಿಡದೆ ಮುಂದೆ ಹೋಗುತ್ತದೆ. 15ನೆಯವರ ಫೋನ್ 14ನೆಯವರಿಗೆ ಬರುತ್ತದೆ, ಅಲ್ಲಿಂದ ಕೆಳಗಿನ ಎಲ್ಲವೂ ಒಂದೊಂದು ಮನೆ ಮೇಲೆ ಸರಿಯುತ್ತವೆ. ನೋಡಲು ಎಲ್ಲ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ಪ್ರತಿ ಕಾಲಂ ಅಂಟಿಸುವ ಮೊದಲು ಸಾಲು ಎಣಿಸಿ. 30 ಇರಬೇಕಾದಲ್ಲಿ 29 ಬಂದರೆ ಖಾಲಿ ಮನೆ ಹುಡುಕಿ, ಅಲ್ಲಿ ಖಾಲಿ ಸಾಲು ಸೇರಿಸಿ. ಎಣಿಕೆ ಸರಿ ಬಂದರೂ ಪುಟದ ಕೊನೆಯ ಸಾಲನ್ನು ಕಾಗದದ ಜೊತೆ ತಾಳೆ ಹಾಕಿ ನೋಡಿ.

ಖಾತೆ ಸಂಖ್ಯೆ ಅಂಟಿಸುವ ಮುನ್ನ ಎಕ್ಸೆಲ್‌ನಲ್ಲಿ ಆ ಕಾಲಂ ಅನ್ನು Text ಎಂದು ಬದಲಿಸಿಕೊಳ್ಳಿ. ಇಲ್ಲದಿದ್ದರೆ ಮೊದಲಿನ ಸೊನ್ನೆಗಳು ಹೋಗುತ್ತವೆ. 15 ಅಂಕಿಗಿಂತ ಉದ್ದದ ಸಂಖ್ಯೆಯಾದರೆ 16ನೆಯ ಅಂಕಿಯಿಂದ ಎಕ್ಸೆಲ್ ಸೊನ್ನೆ ಮಾಡಿಬಿಡುತ್ತದೆ. ಆನ್‌ಲೈನ್ ಕನ್ವರ್ಟರ್ ಕೊಟ್ಟ ಎರಡು ಪುಟಗಳಲ್ಲೂ ಇದೇ ಆಗಿರಬಹುದು, ಒಮ್ಮೆ ನೋಡಿ.

ಇದೆಲ್ಲ ಪ್ರಿಂಟ್ ಆದ ಪಟ್ಟಿಗೆ ಹೇಳಿದ್ದು. ಕೈಬರಹದ ಪುಟಗಳಿದ್ದರೆ ಟೆಸರಾಕ್ಟ್ ಕೈಕೊಡುತ್ತದೆ. ಉಳಿದಿರುವುದು 300 ಸಾಲು. ಇಬ್ಬರು ಕೂತು, ಒಬ್ಬರು ಓದಿ ಒಬ್ಬರು ಟೈಪ್ ಮಾಡಿದರೆ ಮುಗಿಯುವ ಕೆಲಸ. ಹೊರಗಿನವರ ಕೈಗೆ ಏನೂ ಹೋಗುವುದಿಲ್ಲ.

‘ಫೈಲ್ ನಿಮ್ಮ ಬ್ರೌಸರ್‌ನಲ್ಲೇ ಬದಲಾಗುತ್ತದೆ, ನಮ್ಮ ಸರ್ವರ್‌ಗೆ ಬರುವುದಿಲ್ಲ’ ಎನ್ನುವ ಸೈಟ್‌ಗಳೂ ಇವೆ. ತಾಂತ್ರಿಕವಾಗಿ ಇದು ಸಾಧ್ಯ, ಮತ್ತು ನಿಜವಾದರೆ ಒಳ್ಳೆಯ ದಾರಿಯೇ. ಮಾತು ನಂಬುವ ಬದಲು ಪರೀಕ್ಷಿಸಿ. ಪ್ರೈವೇಟ್ ವಿಂಡೋದಲ್ಲಿ ಸೈಟ್ ತೆರೆಯಿರಿ. ಖಾಸಗಿ ವಿವರವಿಲ್ಲದ ಯಾವುದೋ ಮಾದರಿ ಕೋಷ್ಟಕವನ್ನು ಒಮ್ಮೆ ಹಾಕಿ, ಅದಕ್ಕೆ ಬೇಕಾದ ಭಾಗಗಳೆಲ್ಲ ಲೋಡ್ ಆಗಲಿ. ಆಮೇಲೆ ವೈಫೈ ಆಫ್ ಮಾಡಿ, ನೆಟ್ ಕೇಬಲ್ ಇದ್ದರೆ ಅದನ್ನೂ ತೆಗೆದು, ಇನ್ನೊಂದು ಮಾದರಿ ಹಾಕಿ. ಕೆಲಸ ಆದರೆ ಪರಿವರ್ತನೆ ನಿಮ್ಮ ಕಂಪ್ಯೂಟರ್‌ನಲ್ಲೇ ಆಗುತ್ತಿದೆ. ನಿಂತುಹೋದರೆ ಸರ್ವರ್ ಬೇಕೇ ಬೇಕು ಎಂದರ್ಥ. ನಿಜವಾದ ಪಟ್ಟಿ ಹಾಕುವಾಗಲೂ ವೈಫೈ ಆಫ್ ಇರಲಿ, ಮತ್ತು ಆನ್ ಮಾಡುವ ಮೊದಲು ಆ ಪ್ರೈವೇಟ್ ವಿಂಡೋ ಪೂರ್ತಿ ಮುಚ್ಚಿ. ತೆರೆದೇ ಇದ್ದರೆ ಸಂಪರ್ಕ ಬಂದ ಕೂಡಲೇ ಆ ಪುಟ ಏನನ್ನಾದರೂ ಕಳಿಸಬಹುದು. ಅಂದಹಾಗೆ, ಪ್ರೈವೇಟ್ ವಿಂಡೋ ಇಲ್ಲಿ ನಿಮ್ಮ ಕಡೆಯ ಕುರುಹು ಅಳಿಸಲು ಮಾತ್ರ. ಸರ್ವರ್‌ಗೆ ಹೋದ ಫೈಲನ್ನು ಅದು ರಕ್ಷಿಸುವುದಿಲ್ಲ.

ಹಣ ಕೊಟ್ಟು ಪಡೆಯುವ ಸೇವೆ ಇದಕ್ಕಿಂತ ವಾಸಿಯಾ? ಹಣ ಕೊಟ್ಟ ಮಾತ್ರಕ್ಕೆ ಅಲ್ಲ. ಫೈಲನ್ನು ಎಷ್ಟು ದಿನ ಇಡುತ್ತಾರೆ, ಯಾರಿಗೆ ದಾಟಿಸುತ್ತಾರೆ, ತಪ್ಪಾದರೆ ತಿಳಿಸುತ್ತಾರಾ ಎಂಬುದು ಸಂಘದ ಜೊತೆ ಬರಹದ ಒಪ್ಪಂದದಲ್ಲಿ ಇದ್ದರೆ ಮಾತ್ರ ವಾಸಿ. ಆ ಒಪ್ಪಂದ ಮಾಡಿಕೊಳ್ಳಬೇಕಾದ್ದು ಸಂಘ, ನೀವೊಬ್ಬರೇ ನಿಮ್ಮ ಮೇಲ್ ಐಡಿಯಿಂದ ಖಾತೆ ತೆರೆದು ಅಲ್ಲ. 300 ಸಾಲಿಗೆ ಅಷ್ಟೆಲ್ಲ ಬೇಕಾಗದು ಎಂಬುದು ನನ್ನ ಅಭಿಪ್ರಾಯ.

ಯಾವ ಕಾರಣಕ್ಕೋ ಆನ್‌ಲೈನ್ ಸೈಟೇ ಬೇಕು ಎಂದಾದರೆ, ಕಟ್ಟಿದ ಮೊತ್ತದ ಕಾಲಂ ಒಂದನ್ನೇ ಚಿತ್ರವಾಗಿ ಕತ್ತರಿಸಿ ಹಾಕಿ. ಶೀರ್ಷಿಕೆ ಬೇಡ, ಸಂಘದ ಹೆಸರು ಬೇಡ, ಫೈಲ್ ಹೆಸರು `a1.png` ಎಂದಿರಲಿ. 30 ಮೊತ್ತಗಳ ಸಾಲು ನೋಡಿ ಯಾರಿಗೂ ಏನೂ ತಿಳಿಯದು. ಉಳಿದ ಕಾಲಂಗಳನ್ನು ಟೈಪ್ ಮಾಡಿ ಪಕ್ಕಕ್ಕೆ ಜೋಡಿಸಿಕೊಳ್ಳಿ.

ಈಗ ಹೋಗಿರುವ ಎರಡು ಪುಟಗಳು. ಬ್ರೌಸರ್ ಹಿಸ್ಟರಿಯಲ್ಲಿ ಆ ಡೌನ್‌ಲೋಡ್ ಲಿಂಕ್ ಹುಡುಕಿ, ಪ್ರೈವೇಟ್ ವಿಂಡೋದಲ್ಲಿ ತೆರೆದು ನೋಡಿ. ಗಂಟೆ ಕಳೆದ ಮೇಲೂ ಫೈಲ್ ಸಿಕ್ಕರೆ ಅವರ ಮಾತು ಅಲ್ಲೇ ಸುಳ್ಳಾಯಿತು. ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸಿಗದಿದ್ದರೆ ಲಿಂಕ್ ಸತ್ತಿದೆ ಎಂದಷ್ಟೇ ಖಚಿತ. ಸೈಟ್‌ನಲ್ಲಿ ಅಳಿಸುವ ಗುಂಡಿ ಇದ್ದರೆ ಒತ್ತಿ. Privacy Policy ಪುಟದಲ್ಲಿ `retain`, `third party`, `improve our services` ಎಂಬ ಪದಗಳನ್ನು Ctrl+F ಒತ್ತಿ ಹುಡುಕಿ. ಕೊನೆಯದು ಕಂಡರೆ ಜನ ಹಾಕಿದ ಫೈಲ್‌ಗಳನ್ನೂ ಸೇವೆ ಸುಧಾರಿಸಲು ಬಳಸುತ್ತಾರಾ ಎಂದು ಆ ಪ್ಯಾರಾ ಪೂರ್ತಿ ಓದಿ. ಅದೇ ಪುಟದಲ್ಲಿರುವ ವಿಳಾಸಕ್ಕೆ ಮೇಲ್ ಬರೆಯಿರಿ. ಅಪ್‌ಲೋಡ್ ಮಾಡಿದ ದಿನ, ಸಮಯ, ಫೈಲ್ ಹೆಸರು ಕೊಟ್ಟು, ಮೂಲ ಫೈಲ್, ಫಲಿತಾಂಶ, ಬ್ಯಾಕಪ್ ಮತ್ತು ಬೇರೆ ಕಂಪನಿಗೆ ಕಳಿಸಿದ ಪ್ರತಿ, ಇವು ನಾಲ್ಕನ್ನೂ ಅಳಿಸಿದ್ದನ್ನು ಬರಹದಲ್ಲಿ ತಿಳಿಸಿ ಎಂದು ಕೇಳಿ. ಆ ಮೇಲ್‌ಗೆ ಪಟ್ಟಿಯನ್ನು ಲಗತ್ತಿಸಬೇಡಿ. ಸಂಪರ್ಕ ವಿಳಾಸವಾಗಲಿ ಕಂಪನಿಯ ಹೆಸರಾಗಲಿ ಸೈಟ್‌ನಲ್ಲಿ ಎಲ್ಲೂ ಇಲ್ಲದಿದ್ದರೆ ಅಪಾಯವನ್ನು ಒಂದು ಮೆಟ್ಟಿಲು ಮೇಲೆಯೇ ಎಣಿಸಿ.

ಅಲ್ಲಿಂದ ಇಳಿಸಿಕೊಂಡ ಫೈಲಿನ ಹೆಸರಿನ ಕೊನೆಯನ್ನೂ ನೋಡಿ. `.xlsx` ಅಥವಾ `.csv` ಇರಬೇಕು. `.exe`, `.msi`, `.js` ಇದ್ದರೆ, ಅಥವಾ ಬ್ರೌಸರ್‌ಗೆ ಎಕ್ಸ್‌ಟೆನ್ಶನ್ ಸೇರಿಸಿ ಎಂದು ಕೇಳಿ ನೀವು ಸೇರಿಸಿದ್ದರೆ, ಆ ಕಂಪ್ಯೂಟರ್ ಅನ್ನು ನೆಟ್‌ನಿಂದ ಬಿಡಿಸಿ, ಪೂರ್ತಿ ಸ್ಕ್ಯಾನ್ ಮಾಡಿಸಿ. ಅದರಲ್ಲಿ ಬಳಸಿದ ಪಾಸ್‌ವರ್ಡ್‌ಗಳನ್ನು ಬೇರೆ ಕಂಪ್ಯೂಟರ್‌ನಿಂದ ಬದಲಿಸಿ.

ಇಷ್ಟಾದ ಮೇಲೆ ಸಂಘದ ಕಾರ್ಯದರ್ಶಿಯವರಿಗೆ ವಿಷಯ ತಿಳಿಸಿ. ಮುಚ್ಚಿಡಬೇಡಿ. ಆ ವಿವರಗಳು ನಿಮ್ಮವಲ್ಲ, ಸದಸ್ಯರವು. ಆ 60 ಜನರಿಗೆ ತಿಳಿಸಬೇಕೇ ಎಂಬ ತೀರ್ಮಾನ ಸಂಘದ್ದು. ನನ್ನನ್ನು ಕೇಳಿದರೆ ತಿಳಿಸುವುದೇ ಸರಿ. ದೊಡ್ಡ ಪತ್ರ ಬೇಡ. ‘ನಿಮ್ಮ ಹುಟ್ಟಿದ ದಿನಾಂಕ, ಫೋನ್, ಖಾತೆ ಸಂಖ್ಯೆ ಇದ್ದ ಪುಟ ಒಂದು ಹೊರಗಿನ ಸೈಟ್‌ಗೆ ಹೋಗಿದೆ. ಸಂಘದ ಹೆಸರಿನಲ್ಲೋ ಬ್ಯಾಂಕಿನ ಹೆಸರಿನಲ್ಲೋ ಯಾರಾದರೂ ಈ ವಿವರ ಹೇಳಿ ಓಟಿಪಿ ಕೇಳಿದರೆ ಕೊಡಬೇಡಿ, ಕರೆ ಕತ್ತರಿಸಿ ಕಚೇರಿಗೆ ಫೋನ್ ಮಾಡಿ’ ಎಂದು ಎರಡು ಸಾಲು ಸಾಕು.